ಬಾಗಿಲಲ್ಲಿ ತೂಗುತ್ತಿದ್ದ ವಾಲ್ ಸರ

ಗುಳ್ಳೆಯಕ್ಕನ ನಿಜವಾದ ಹೆಸರೇನು ಅಂತ ಆ ಬೀದಿಯಲ್ಲಿ ಕೇಳಿದರೆ ಜನ ಅವಳ ಗಂಡನ ಮುಖ ನೋಡುತ್ತಾರೆ. ಗಂಡನೂ ಒಂದು ಕ್ಷಣ ತಲೆ ಕೆರೆದುಕೊಳ್ಳುತ್ತಾನೆ! ಅಷ್ಟರಮಟ್ಟಿಗೆ ಆ ಹೆಸರು ಅವಳಿಗೆ ಅಂಟಿಕೊಂಡಿದೆ. ಪಂಕ್ಚರ್ ಅಂಗಡಿಯ ನೀರಿನ ತೊಟ್ಟಿಯ ಮುಂದೆ ಅವಳು ಕುಕ್ಕರುಗಾಲಲ್ಲಿ ಕೂತು ಚಕ್ರ ತಿರುಗಿಸುವುದನ್ನು ಒಂದು ಸಲ ನೋಡಬೇಕು. ಮೂಗು ನೀರಿಗೆ ತಾಗುವಷ್ಟು ಬಗ್ಗಿ, ಉಸಿರು ಬಿಗಿಹಿಡಿದು, ಸಾಸಿವೆಗಿಂತ ಸಣ್ಣ ಗುಳ್ಳೆಯೊಂದು ಟಯರಿನಿಂದ ಬಿಡಿಸಿಕೊಂಡು ಮೇಲೆ ಬಂದರೂ ಹಿಡಿದುಬಿಡುತ್ತಾಳೆ. "ಬಂದ್ಯಾ ಮರಿ? ಬಾ ಬಾ" ಅಂತ ಗುಳ್ಳೆಯನ್ನೇ ಮಾತಾಡಿಸುತ್ತಾಳೆ. ತಂತಿಚೂರು ಚುಚ್ಚಿದ ತೂತು, ಕಣ್ಣಿಗೇ ಕಾಣದ್ದು, ಅದನ್ನು ಅವಳು ಕೆನ್ನೆ ಹತ್ತಿರ ಹಿಡಿದು ಗಾಳಿಯ ತಂಪಿನಿಂದಲೇ ಪತ್ತೆ ಮಾಡಿದ್ದುಂಟು.

ಅಂಗಡಿ ಮಾವನದು. ಮಾವ ತೀರಿಕೊಂಡಾಗ ಮಗನೇ ಕೂರಬೇಕಿತ್ತು. ಆದರೆ ಅವನಿಗೆ ರಬ್ಬರ್ ಅಂಟು ಮುಟ್ಟಿದರೆ ಮೈಯೆಲ್ಲ ತುರಿಕೆ. ಅವನು ನೀರಿನ ಟ್ಯಾಂಕರ್ ಹತ್ತಿಕೊಂಡು ಪಾರಾದ, ಸೊಸೆ ಸೆರಗು ಸಿಕ್ಕಿಸಿಕೊಂಡು ತೊಟ್ಟಿಯ ಮುಂದೆ ಕೂತಳು. ಕೂತವಳು ಏಳಲೇ ಇಲ್ಲ. ಮಾವ ಬಿಟ್ಟುಹೋದ ಪದ್ಧತಿಗಳಲ್ಲಿ ಒಂದನ್ನೂ ಬಿಡಲಿಲ್ಲ. "ಚಕ್ರ ಸ್ನಾನಕ್ಕೆ ಹೋಗೋ ಮುಂಚೆ ಬಟ್ಟೆ ಬಿಚ್ಚಬೇಕು, ಟೋಪಿ ಹಾಕಬೇಕು" ಅನ್ನುತ್ತಿದ್ದನಂತೆ ಮಾವ. ಬಟ್ಟೆ ಅಂದರೆ ಚಕ್ರದ ಮೇಲೆ ಅಂದಕ್ಕೆ ಕೂರಿಸುವ ಪ್ಲಾಸ್ಟಿಕ್ ಕವರ್. ಟೋಪಿ ಅಂದರೆ ಗಾಳಿ ತುಂಬುವ ವಾಲಿನ ಬಾಯಿಗೆ ಹಾಕುವ ಕ್ಯಾಪ್. ತೊಟ್ಟಿಯ ನೀರು ಒಂದು ಬಣ್ಣದ್ದಲ್ಲ. ಅದರ ಕೊಳೆ ವಾಲಿನೊಳಗೆ ಇಳಿಯಬಾರದೆಂದು ಅಂಗಡಿಯದೇ ಒಂದು ಹಿತ್ತಾಳೆ ಕ್ಯಾಪ್ ಇತ್ತು, ಒಳಗೆ ರಬ್ಬರ್ ಬಳೆ ಇದ್ದದ್ದು. ಅದನ್ನು ಬಿಗಿಯಾಗಿ ತಿರುಗಿಸಿಯೇ ಚಕ್ರವನ್ನು ನೀರಿಗೆ ಇಳಿಸುವುದು.

ಇನ್ನೊಂದು ಪದ್ಧತಿ ಅತ್ತೆಯದು. ಅತ್ತೆ ದಿನವಿಡೀ ಅಂಗಡಿಯ ಬಾಗಿಲಲ್ಲಿ ಹಳೇ ಲಾರಿ ಟಯರಿನ ಮೇಲೆ ಮಹಾರಾಣಿಯಂತೆ ಕೂತಿರುತ್ತಿದ್ದಳು. ಅವಳ ತಲೆಯ ಮೇಲೆ, ಚೌಕಟ್ಟಿನಿಂದ ಚೌಕಟ್ಟಿಗೆ, ಒಂದು ಸರ. ಕಾರಿನ ಚಕ್ರದಲ್ಲಿ ಗಾಳಿ ಒಳಗೆ ಹೋಗಲು ಹೊರಗೆ ಇಣುಕುವ ಕಪ್ಪು ರಬ್ಬರ್ ಮೊಳಕೆ ಇರುತ್ತದಲ್ಲ, ಅದೇ ವಾಲ್. ಅಂಥ ಹೊಸ ವಾಲುಗಳನ್ನು ಅತ್ತೆಯೇ ತಂತಿಗೆ ಪೋಣಿಸಿ ಕಟ್ಟಿದ್ದಳು. ಮಧ್ಯಾಹ್ನದ ಬಿಸಿಲು ನೇರ ಅದರ ಮೇಲೆ ಬಿದ್ದರೆ ವಾಲುಗಳ ಹಿತ್ತಾಳೆ ಬಾಯಿಗಳು ಬೀದಿಯ ತಿರುವಿನ ತನಕ ಮಿಂಚುತ್ತಿದ್ದವು. "ಬೋರ್ಡ್ ಯಾಕೆ ಬೇಕು? ಸರ ನೋಡಿಯೇ ಗಿರಾಕಿ ಬರ್ತಾನೆ" ಅನ್ನುವುದು ಅತ್ತೆಯ ಹೆಮ್ಮೆ. ಬೇಕಾದಾಗ ಗುಳ್ಳೆಯಕ್ಕ ಕೈ ಎತ್ತಿ ಒಂದು ವಾಲ್ ಕಿತ್ತುಕೊಳ್ಳುವುದು, ಸರ ಸೊರಗಿದಂತೆ ಕಂಡರೆ ಅತ್ತೆ ಮತ್ತಷ್ಟು ಪೋಣಿಸುವುದು. ಹೊಸವು ತುದಿಗೆ ಸೇರುತ್ತಿದ್ದವು, ಕೀಳುವುದೂ ತುದಿಯಿಂದಲೇ. ನಡುವಿನವು ಯಾವ ಕಾಲದವೋ, ಯಾರೂ ಕೇಳಿರಲಿಲ್ಲ.

ಇಷ್ಟೆಲ್ಲ ಇದ್ದರೂ ಗುಳ್ಳೆಯಕ್ಕನ ಮರ್ಯಾದೆ ಮೂರಾಬಟ್ಟೆ ಮಾಡಿದ್ದು ಸ್ವಂತ ನಾದಿನಿಯ ಟ್ಯಾಕ್ಸಿಯ ಮುಂದಿನ ಎಡಗಡೆಯ ಚಕ್ರ.

ನಾದಿನಿ ಅಂದರೆ ಗಂಡನ ತಂಗಿ, ಮೂಗಿನ ತುದಿಯಲ್ಲೇ ಕೋಪ. ಬಟ್ಟೆ ಅಂಗಡಿಯ ಕೆಲಸ ಬಿಟ್ಟು ಟ್ಯಾಕ್ಸಿ ತಗೊಂಡಿದ್ದಳು. ಅಲ್ಲಿ ಇಲ್ಲಿ ಸಿಗುವ ಬಾಡಿಗೆ ನಂಬಿಕೊಂಡಲ್ಲ, ಒಂದೇ ಒಂದು ಖಾಯಂ ಗಿರಾಕಿಯನ್ನು ನಂಬಿಕೊಂಡು. ಅವರು ವಯಸ್ಸಾದ ಒಬ್ಬ ದರ್ಜಿ, ಎಲ್ಲರಿಗೂ ಟೈಲರ್ ತಾತ. ತಾತನಿಗೆ ಮೂತ್ರಪಿಂಡ ಕೈಕೊಟ್ಟಿತ್ತು. ದಿನ ಬಿಟ್ಟು ದಿನ ಬೆಳಗ್ಗೆ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಯಂತ್ರಕ್ಕೆ ಮಲಗಬೇಕು. ಅಲ್ಲಿ ಹಾಸಿಗೆಗೂ ಸಾಲು. ತಡವಾಗಿ ಹೋದರೆ ಅಷ್ಟು ಹೊತ್ತು ಯಂತ್ರ ಕಡಿಮೆ, ಅಷ್ಟು ಮಟ್ಟಿಗೆ ತಾತನ ಕಾಲಿನ ಬಾವು ಇಳಿಯುವುದಿಲ್ಲ. ಟ್ಯಾಕ್ಸಿ ಹೇಳಿದ್ದು ತಾತನ ಮಗಳು. ನಾದಿನಿ ಈಗಾಗಲೇ ತಡ ಮಾಡಿ ಬೈಸಿಕೊಂಡಿದ್ದಳು. "ಇನ್ನೊಂದ್ಸಲ ತಡ ಆದ್ರೆ ಬೇರೆ ಗಾಡಿ ನೋಡ್ಕೋತೀನಮ್ಮ, ಬೇಜಾರಾಗ್ಬೇಡ" ಅಂತ ಮಗಳು ತಣ್ಣಗೆ ಹೇಳಿದ್ದಳು. ಆ ಓಡಾಟ ತಪ್ಪಿದರೆ ಟ್ಯಾಕ್ಸಿ ಇಟ್ಟುಕೊಂಡು ನಾದಿನಿ ಏನು ಮಾಡಬೇಕು?

ತಡವಾಗಿದ್ದು ಅದೇ ಚಕ್ರದಿಂದ. ಸಂಜೆ ಕಲ್ಲಿನಂತೆ ಇದ್ದದ್ದು ಬೆಳಗ್ಗೆ ಹೊಟ್ಟೆ ಜೋತುಬಿದ್ದು ಕೂತಿರುತ್ತಿತ್ತು. ಪೂರ್ತಿ ಇಳಿಯುವುದೂ ಇಲ್ಲ, ನಿಲ್ಲುವುದೂ ಇಲ್ಲ.

ಮೊದಲ ಸಲ ಬಂದಾಗ ಗುಳ್ಳೆಯಕ್ಕ ನಕ್ಕಿದ್ದಳು. "ಇಷ್ಟೇ ತಾನೆ? ಟೀ ಕುಡಿಯೋದ್ರೊಳಗೆ ಆಗೋಗತ್ತೆ."

ಕವರ್ ಬಿಚ್ಚಿದಳು, ಹಿತ್ತಾಳೆ ಟೋಪಿ ಹಾಕಿದಳು, ತೊಟ್ಟಿಗೆ ಇಳಿಸಿದಳು. ಒಂದು ಸುತ್ತು, ಇನ್ನೊಂದು ಸುತ್ತು. ಮೊಳೆ ಇಲ್ಲ, ತೂತಿಲ್ಲ, ಗುಳ್ಳೆ ಇಲ್ಲ. ನೀರು ಕನ್ನಡಿಯಂತೆ ನಿಂತಿತು. ನಾದಿನಿಯ ಟೀ ಮುಗಿಯಿತು, ಎರಡನೇ ಟೀ ಮುಗಿಯಿತು.

"ರಿಮ್ಮಿನ ಅಂಚಲ್ಲಿ ತುಕ್ಕಿದೆ ಕಣೇ, ಟಯರ್ ಸರಿಯಾಗಿ ಕೂತಿಲ್ಲ" ಅಂದಳು ಗುಳ್ಳೆಯಕ್ಕ. ಟಯರ್ ಕಳಚಿ, ಅಂಚನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ಮತ್ತೆ ಕೂರಿಸಿದಳು. ನಾದಿನಿ ತನ್ನ ಹೊಳೆಯುವ ಕವರನ್ನು ಚಕ್ರದ ಮೇಲಿಟ್ಟು ಚಪ್ಪಲಿ ಕಾಲಿಂದ ಟಕ್ ಟಕ್ ಎಂದು ಒದ್ದು ಕೂರಿಸಿಕೊಂಡು ಹೋದಳು. ಆ ಕವರ್ ಅಂದರೆ ಅವಳಿಗೆ ಪ್ರಾಣ. ಗಾಡಿಗಿಂತ ಹೆಚ್ಚು ಸಲ ಕವರ್ ಒರೆಸುತ್ತಿದ್ದಳು.

ಮರುದಿನ ಬೆಳಗ್ಗೆ ಮತ್ತದೇ ಜೋತುಹೊಟ್ಟೆ.

"ಅತ್ತಿಗೆ, ನಿಮ್ಮ ತೊಟ್ಟೀಲಿ ಮೀನು ಸಾಕಿ. ಅದಾದ್ರೂ ಗುಳ್ಳೆ ಬಿಡತ್ತೆ" ಅಂದಳು ನಾದಿನಿ.

ಅತ್ತೆ ಕಿಸಕ್ಕನೆ ನಕ್ಕಳು. ಗುಳ್ಳೆಯಕ್ಕನಿಗೆ ಮೈ ಉರಿಯಿತು. ಚಕ್ರದ ಮುಂದೆ ಕೂತು ವಾಲಿನ ಕ್ಯಾಪ್ ಬಿಚ್ಚಿದಳು. ಗಾಡಿಗೆ ಇದ್ದದ್ದು ಸಾದಾ ಪ್ಲಾಸ್ಟಿಕ್ ಕ್ಯಾಪ್. ಬೆರಳಿಗೆ ಎಂಜಲು ಹಚ್ಚಿ ವಾಲಿನ ಬಾಯಿಗೆ ತೆಳ್ಳಗೆ ಸವರಿದಳು, ಸುಮ್ಮನೆ, ಏನೂ ತೋಚದೆ. ಎಂಜಲಿನ ಪೊರೆ ನಿಧಾನಕ್ಕೆ ಉಬ್ಬಿತು. ಮಗುವಿನ ಬಾಯಲ್ಲಿ ಬಂದಂತೆ ಒಂದು ಗುಂಡನೆಯ ಗುಳ್ಳೆ, ಪಟ್!

ಗುಳ್ಳೆಯಕ್ಕ ಕಣ್ಣು ಪಿಳುಕಿಸಿದಳು. ಆಮೇಲೆ ತನ್ನ ಹಣೆಗೆ ತಾನೇ ಒಂದು ಬಾರಿಸಿಕೊಂಡಳು.

"ಏನಾಯ್ತು?"

"ಟೋಪಿ" ಅಂದಳು. "ನಮ್ಮ ಹಿತ್ತಾಳೆ ಟೋಪಿ. ಒಳಗೆ ರಬ್ಬರ್ ಇದೆಯಲ್ಲ, ಬಿಗಿದ್ರೆ ಬಾಯಿಂದ ಬರೋ ಗಾಳೀನೇ ತಡೆದುಬಿಡತ್ತೆ. ಬಾಯಿ ಮುಚ್ಚಿ ಕೂರಿಸಿ, ಮಾತಾಡು ಮಾತಾಡು ಅಂತಿದೀನಿ ನಾನು!"

ವಾಲಿನ ಹೊಟ್ಟೆಯೊಳಗೆ ಒಂದು ಪುಟ್ಟ ಪಿನ್ ಇರುತ್ತದೆ. ಸ್ಪ್ರಿಂಗ್ ಅದನ್ನು ಮೇಲಕ್ಕೆ ತಳ್ಳಿ ಹಿಡಿದಿರುತ್ತದೆ, ಅದರ ಕತ್ತಿನ ರಬ್ಬರ್ ಗಾಳಿಯ ದಾರಿಯನ್ನು ಮುಚ್ಚಿರುತ್ತದೆ. ಗಾಳಿ ಹಾಕುವಾಗ ಪಿನ್ ಒತ್ತಿದರಷ್ಟೇ ಬಾಗಿಲು ತೆರೆಯುವುದು. ಪಿನ್ ಸಡಿಲಾಗಿರಬಹುದೆಂದು ಅದರ ಕೀಲಿ ಹಾಕಿ ಒಂಚೂರು ತಿರುಗಿಸಿದಳು. ಎಂಜಲು ಮತ್ತೆ ಉಬ್ಬಿತು. ಇನ್ನೂ ಬಿಗಿಯಲು ಹೋಗಲಿಲ್ಲ, ಜಾಸ್ತಿ ಬಿಗಿದರೆ ಆ ಪುಟ್ಟ ರಬ್ಬರೇ ಜಜ್ಜಿಹೋಗುತ್ತದೆಂದು ಅವಳಿಗೆ ಗೊತ್ತು. ಗಾಳಿ ಬಿಟ್ಟು ಪಿನ್ ಹೊರತೆಗೆದಳು. ರಬ್ಬರಿನ ಮೈಮೇಲೆ ಮರಳಿನ ಕಣವೊಂದು ಹಲ್ಲಿನಂತೆ ಕಚ್ಚಿಕೊಂಡಿತ್ತು.

"ಕ್ಯಾಪ್ ಇಲ್ಲದೆ ಓಡಿಸಿದ್ದೆ ತಾನೆ ನೀನು?"

ನಾದಿನಿ ಆಕಾಶ ನೋಡಿದಳು. "ಸ್ವಲ್ಪ ದಿನ. ಎಲ್ಲೋ ಬಿದ್ದೋಗಿತ್ತು. ಅಷ್ಟು ಚಿಕ್ಕ ಟೋಪಿ, ಅದ್ರಿಂದ ಏನು ಮಹಾ ಅಂತ..."

"ಏನು ಮಹಾ! ಧೂಳು ಒಳಗೆ ಹೋಗ್ಬಾರ್ದು ಅಂತಲೇ ಅದು ಇರೋದು, ನಿನ್ನ ಮೂಗುತಿ ಥರ ಅಂದಕ್ಕಲ್ಲ."

ವಾಲಿನ ಒಳಗೆ ಗಾಳಿ ಊದಿ ಒರೆಸಿ, ಹೊಸ ಪಿನ್ ಹಾಕಿ, ಗಾಳಿ ತುಂಬಿ, ಮತ್ತೆ ಎಂಜಲು ಸವರಿದಳು. ಪೊರೆ ಅಲ್ಲಾಡಲಿಲ್ಲ. ಬೀದಿಗೆಲ್ಲ ಕೇಳುವ ಹಾಗೆ ಗುಳ್ಳೆಯಕ್ಕ ಹೇಳಿದಳು: "ಇನ್ಮೇಲೆ ಈ ಚಕ್ರ ನನ್ನ ಜವಾಬ್ದಾರಿ. ನಾಳೆ ತಾತನ್ನ ಕರ್ಕೊಂಡು ಹೋಗೋಕೆ ನೀನು ಹೊರಡು, ಗಾಳಿ ಇಳಿದಿದ್ರೆ ನನ್ನ ಹೆಸರು ಬದಲಾಯಿಸು."

"ಇರೋ ಹೆಸರೇ ಯಾರಿಗೂ ಗೊತ್ತಿಲ್ಲ" ಅಂದಳು ಅತ್ತೆ, ತನ್ನ ಟಯರ್ ಸಿಂಹಾಸನದಿಂದ.

ಎದುರುಗಡೆಯ ಅಂಗಡಿಯವನು, ಮೀಸೆ ಅಂತ ಅಡ್ಡಹೆಸರು, ಇದೇ ಕೆಲಸದವನು, ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡ. ಮೀಸೆಯಡಿಯಲ್ಲಿ ನಕ್ಕಂತೆಯೂ ಕಂಡ.

ಆ ಬೆಳಗು ಬಂತು. ಗುಳ್ಳೆಯಕ್ಕ ಅಂಗಡಿಯ ಬಾಗಿಲು ತೆಗೆಯುವ ಮೊದಲೇ ಟ್ಯಾಕ್ಸಿ ಬಂದು ನಿಂತಿತ್ತು, ಒಂದು ಕಾಲು ಕುಂಟುವ ದನದಂತೆ ಎಡಕ್ಕೆ ವಾಲಿಕೊಂಡು. ನಾದಿನಿ ಬಾನೆಟ್ಟಿಗೆ ಒರಗಿ ನಿಂತಿದ್ದಳು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಏನು ಹೆಸರಿಡ್ಲಿ ಅತ್ತಿಗೆ?" ಅಂದಳು ಮೆಲ್ಲಗೆ. ಕಣ್ಣು ಕೆಂಪಾಗಿತ್ತು.

ಗುಳ್ಳೆಯಕ್ಕ ಚಕ್ರದ ಮುಂದೆ ಕುಕ್ಕರಿಸಿದಳು. "ಇರು, ಬಿಚ್ಚಿ ನೋಡ್ತೀನಿ."

"ಬಿಚ್ಚೋದೂ ಬೇಡ, ಮುಚ್ಚೋದೂ ಬೇಡ. ಗಾಳಿ ತುಂಬಿ ಸಾಕು. ಓಡಿಸ್ಕೊಂಡು ಹೋಗ್ತೀನಿ. ಬರುವಾಗ ಮೀಸೆ ಹತ್ರ ತೋರಿಸ್ತೀನಿ."

ಮೀಸೆ ಹತ್ರ! ಗುಳ್ಳೆಯಕ್ಕ ತುಟಿ ಕಚ್ಚಿಕೊಂಡು ಕಂಪ್ರೆಸರ್ ಶುರು ಮಾಡಿದಳು. ಕವರ್ ಇದ್ದ ಹಾಗೇ ಗಾಳಿ ತುಂಬಿದಳು. ವಾಲಿನ ಬಾಯಿಗೆ ಎಂಜಲು ಸವರಿದಳು. ಪಿನ್ ಸರಿಯಾಗೇ ಇದೆ, ಪೊರೆ ಕದಲಲಿಲ್ಲ. ಟಯರಲ್ಲಿ ಮೊಳೆಯಿಲ್ಲ. ಅಂಚು ತಾನೇ ಉಜ್ಜಿದ್ದು. ಪಿನ್ ತಾನೇ ಹಾಕಿದ್ದು. ಮತ್ತೆ ಎಲ್ಲಿಂದ, ಎಲ್ಲಿಂದ ಹೋಗುತ್ತಿದೆ ಈ ದರಿದ್ರ ಗಾಳಿ? ತಲೆ ಕೆಟ್ಟು ಕಾಲಡಿಯಲ್ಲಿದ್ದ ಸೋಪ್ ನೀರಿನ ಮಗ್ಗನ್ನು ಎತ್ತಿ ಚಕ್ರದ ಮುಖಕ್ಕೆ ರಪ್ ಅಂತ ಎರಚಿದಳು. ಜಗಳವಾಡಿದವರ ಮುಖಕ್ಕೆ ಎರಚುವ ಹಾಗೆ.

"ಅಯ್ಯೋ ನನ್ನ ಕವರ್!" ಅಂದಳು ನಾದಿನಿ.

"ಬೆಂಕಿ ಬೀಳ್ಲಿ ನಿನ್ನ ಕವರಿಗೆ..." ಅಂದವಳು ಅಲ್ಲೇ ನಿಂತಳು.

ನೊರೆ ಇಳಿದುಹೋಗುತ್ತಿತ್ತು. ಇಳಿಯದೆ ಉಳಿದದ್ದು ಒಂದೇ ಕಡೆ, ವಾಲ್ ಹೊರಗಿಣುಕಲು ಕವರಿನಲ್ಲಿದ್ದ ಕಿಂಡಿಯ ಹತ್ತಿರ. ಅಲ್ಲಿ ಸಣ್ಣ ಸಣ್ಣ ಗುಳ್ಳೆಗಳು ಒಂದರ ಬೆನ್ನಿಗೆ ಇನ್ನೊಂದು, ಇರುವೆ ಸಾಲಿನಂತೆ ಹುಟ್ಟುತ್ತಿದ್ದವು. ವಾಲಿನ ಬಾಯಿಂದಲ್ಲ. ಬುಡದಿಂದ.

ಗುಳ್ಳೆಯಕ್ಕ ಮಂಡಿಯೂರಿದಳು. ಕವರ್ ಒಂದು ಬೆರಳಷ್ಟು ಸರಿದು ಕೂತಿತ್ತು. ಕಿಂಡಿ ವಾಲಿಗೆ ಸರಿಯಾಗಿ ಎದುರಿಲ್ಲ. ಕಿಂಡಿಯ ಅಂಚು ವಾಲನ್ನು ಪಕ್ಕಕ್ಕೆ ಒತ್ತಿ, ಅದು ಬಸ್ಸಿನ ಕಿಕ್ಕಿರಿದ ಸೀಟಲ್ಲಿ ಕೂತವರಂತೆ ವಾಲಿಕೊಂಡು ನಿಂತಿತ್ತು. ಬೆರಳಿಂದ ಅದನ್ನು ನೆಟ್ಟಗೆ ಮಾಡಿ ಹಿಡಿದಳು. ಗುಳ್ಳೆ ನಿಂತಿತು. ಬಿಟ್ಟಳು. ಗುಳ್ಳೆ ಬಂತು. ಹಿಡಿದಳು, ನಿಂತಿತು. ಬಿಟ್ಟಳು, ಬಂತು.

"ಪ್ರತೀ ಸಲ ಕವರ್ ಬಿಚ್ಚಿಯೇ ತೊಟ್ಟಿಗೆ ಹಾಕ್ತಿದ್ದೆ" ಅಂದಳು, ಯಾರಿಗೋ ಹೇಳಿದಂತೆ. "ಬಿಚ್ಚಿದ ತಕ್ಷಣ ಇದು ನೆಟ್ಟಗಾಗ್ತಿತ್ತು, ಬಿರುಕು ಮುಚ್ಕೊತಿತ್ತು. ನೀನು ಒದ್ದು ಕೂರಿಸಿದ ತಕ್ಷಣ ಮತ್ತೆ ಬಾಯಿ ಬಿಡ್ತಿತ್ತು."

"ಹಾಗಾದ್ರೆ ಕವರ್ ಬಿಸಾಕಿ, ನಾನು ಹೊರಡ್ತೀನಿ!"

ಕವರ್ ಕಿತ್ತು ಪಕ್ಕಕ್ಕೆಸೆದು ಗುಳ್ಳೆಯಕ್ಕ ವಾಲನ್ನು ಹೆಬ್ಬೆರಳಿಂದ ಸ್ವಲ್ಪ ಬಾಗಿಸಿದಳು, ಬಿರುಕು ಎಷ್ಟಿದೆ ನೋಡೋಣ ಅಂತ. ಬುಡದ ರಬ್ಬರ್ ಹಪ್ಪಳದಂತೆ ಸೀಳಿತು. ಸುಂಯ್ ಅಂತ ಗಾಳಿ ಅವಳ ಮುಖಕ್ಕೇ ಬಡಿಯಿತು.

ನಾದಿನಿ ಬಾಯಿಗೆ ಕೈ ಅಡ್ಡ ಹಿಡಿದಳು. "ಏನ್ ಮಾಡಿದ್ರಿ ಅತ್ತಿಗೆ!"

"ರಸ್ತೇಲಿ ಓಡುವಾಗ ಹೀಗಾಗಿದ್ರೆ? ತಾತ ಒಳಗೆ ಕೂತಿದ್ದಾಗ? ಇಲ್ಲಾದದ್ದೇ ಒಳ್ಳೇದಾಯ್ತು."

"ಸ್ಟೆಪ್ನಿ ಹಾಕಿ ಮತ್ತೆ, ಬೇಗ!"

"ಯಾವ ಸ್ಟೆಪ್ನಿ? ತಂತಿ ಕಾಣೋ ಹಾಗೆ ಸವೆದಿರೋದಾ? ಅದನ್ನ ಹಾಕಿದ್ರೆ ಕೈ ಮುರೀತೀನಿ ಅಂತ ನಾನೇ ಹೇಳಿಲ್ವಾ?" ಜಾಕ್ ತಳ್ಳಿದಳು, ನಟ್ಟುಗಳು ಕಿರುಗುಟ್ಟಿದವು. "ಹೊಸ ವಾಲ್ ಹಾಕಿಬಿಡ್ತೀನಿ. ನೀನು ತಾತನ ಮನೆಗೆ ಫೋನ್ ಮಾಡು."

ಚಕ್ರ ಬಿಚ್ಚುತ್ತಲೇ ಅವಳ ತಲೆಯಲ್ಲೊಂದು ಮುಳ್ಳು ಆಡುತ್ತಿತ್ತು. ಈ ವಾಲ್ ಹಳೆಯದಲ್ಲ. ಈ ಟಯರ್ ಹೊಸದಾಗಿ ಹಾಕಿದಾಗ ಅವಳೇ ಹೊಸ ವಾಲ್ ಹಾಕಿದ್ದಳು. ಹಾಗಾಗಿಯೇ ಅದರ ಮೇಲೆ ಅನುಮಾನ ಹೋಗಿರಲಿಲ್ಲ. ಕವರ್ ಮಿಕ್ಕ ಚಕ್ರಗಳಿಗೂ ಇದೆ, ಅಲ್ಲೂ ನಾದಿನಿ ಒದ್ದೇ ಕೂರಿಸುತ್ತಾಳೆ. ಅವುಗಳ ವಾಲ್ ಹಳೆಯವು, ಆದರೂ ಎಷ್ಟು ಬಾಗಿದರೂ ಏನೂ ಆಗಿಲ್ಲ. ಇದೊಂದೇ ಯಾಕೆ?

ಟಯರಿನ ಅಂಚು ಬಿಡಿಸಿ, ಸೀಳಿದ ವಾಲನ್ನು ಕತ್ತರಿಸಿ ತೆಗೆದು ಸೊಂಟಕ್ಕೆ ಸಿಕ್ಕಿಸಿ, ಅಭ್ಯಾಸದಂತೆ ಕೈ ಎತ್ತಿ ಬಾಗಿಲ ಸರದಿಂದ ಒಂದು ವಾಲ್ ಕಿತ್ತಳು. ಇವತ್ತು ಅದನ್ನು ಬಾಗಿಸಿ ನೋಡಿದಳು.

ಕತ್ತಿನ ಸುತ್ತ ಸಣ್ಣ ಸಣ್ಣ ಗೆರೆಗಳು ಬಾಯಿಬಿಟ್ಟವು, ಒಣಗಿದ ಕೆಸರಿನ ಹಾಗೆ.

ಇನ್ನೊಂದು ಕಿತ್ತಳು. ಅದೂ ಹಾಗೇ. ಮತ್ತೊಂದು. ಅದು ಬಾಗಲೇ ಇಲ್ಲ, ಮರದ ತುಂಡಿನಂತೆ ಗಟ್ಟಿ. ಸರದುದ್ದಕ್ಕೂ ಬೆರಳಾಡಿಸಿದಳು. ಕಪ್ಪಗೆ ಹೊಳೆಯಬೇಕಾದ್ದು ಬೂದಿ ಬಳಿದಂತಿತ್ತು. ಪ್ರತೀ ಮಧ್ಯಾಹ್ನ ಬಿಸಿಲಲ್ಲಿ ಬೇಯುತ್ತಾ, ಮಿಂಚುತ್ತಾ, ಗಿರಾಕಿಗಳನ್ನು ಕರೆಯುತ್ತಾ ನೇತಾಡಿದ ಸರ!

"ಏನೇ ಅದು, ಸರ ಕಿತ್ತು ಹಾಕ್ತಿದೀಯಾ?" ಅತ್ತೆ ಎದ್ದು ನಿಂತಳು. "ಎಲ್ಲಾ ಹೊಸದು ಕಣೇ! ಒಂದನ್ನೂ ಯಾರೂ ಬಳಸಿಲ್ಲ!"

"ಬಳಸಿಲ್ಲ ಅತ್ತೆ. ಬಿಸಿಲೇ ಬಳಸಿಬಿಟ್ಟಿದೆ."

"ಮಾವ ಇದ್ದಾಗಿಂದ..."

"ಮಾವ ಇದ್ದಾಗ ಬಾಗಿಲ ಮುಂದೆ ಮರ ಇತ್ತು ಅತ್ತೆ! ನೆರಳಿತ್ತು! ಕಡಿದುಹಾಕಿದ್ರಲ್ಲ ರಸ್ತೆ ಅಗಲ ಮಾಡೋಕೆ!"

ಅತ್ತೆ ಮರ ಇದ್ದ ಜಾಗದ ಕಡೆ ನೋಡಿದಳು. ಗುಳ್ಳೆಯಕ್ಕನಿಗೆ ಅಳು ಬರುವಷ್ಟು ಸಿಟ್ಟು ಬಂದಿತ್ತು, ಯಾರ ಮೇಲೆ ಅಂತ ತಿಳಿಯದ ಸಿಟ್ಟು. ಅಂಗಡಿಯಲ್ಲಿ ಇರುವ ಕಾರಿನ ವಾಲ್ ಎಲ್ಲ ಆ ಸರದಲ್ಲೇ. ಬೇರೆ ಒಂದೂ ಇಲ್ಲ. ತಿರುಗಿ ನೋಡಿದರೆ ನಾದಿನಿ ಫೋನ್ ಹಿಡಿದು ನಿಂತಿದ್ದಾಳೆ. "ಬೇರೆ ಗಾಡಿಗೆ ಹೇಳ್ತಾರಂತೆ" ಅಂದಳು. ಅಷ್ಟೇ. ಫೋನನ್ನು ಕೆಳಗಿಳಿಸಲೂ ಮರೆತಿದ್ದಳು.

ಗುಳ್ಳೆಯಕ್ಕ ರಸ್ತೆ ದಾಟಿದಳು. ಮದುವೆಯಾಗಿ ಬಂದಾಗಿನಿಂದ ಆ ಅಂಗಡಿಯ ಮೆಟ್ಟಿಲು ತುಳಿದವಳಲ್ಲ.

ಮೀಸೆ ಟೀ ಲೋಟ ಕೆಳಗಿಟ್ಟ. "ಏನಕ್ಕಾ, ದಾರಿ ತಪ್ಪಿತಾ?"

"ಕಾರಿನ ವಾಲ್ ಒಂದು ಕೊಡು."

"ಗುಳ್ಳೆಯಕ್ಕನಿಗೆ ವಾಲ್! ಬಾಗಿಲ ತುಂಬಾ ನೇತಾಡ್ತಾ ಇದೆಯಲ್ಲ?"

"ಬಾಗಿಸಿದ್ರೆ ಬಿರುಕು ಬಿಡ್ತಿದೆ. ಎಲ್ಲಾ."

ಮೀಸೆ ನಗಲು ಬಾಯಿ ತೆರೆದವನು ಅವಳ ಮುಖ ನೋಡಿ ಮುಚ್ಚಿದ. ಬೆಂಚಿನ ಕೆಳಗಿನಿಂದ ಮುಚ್ಚಳದ ಡಬ್ಬಿ ಎಳೆದ. ಒಳಗೆ, ಕತ್ತಲಲ್ಲಿ, ಕಪ್ಪಗೆ ಮೆತ್ತಗೆ ವಾಲುಗಳು. ಒಂದನ್ನು ತೆಗೆದು ಬಾಗಿಸಿ ತೋರಿಸಿ ಕೊಟ್ಟ. "ಅಲ್ಲಕ್ಕಾ" ಅಂದ, ನಿಜವಾಗಿ ಅಚ್ಚರಿಯಿಂದ, "ಅದನ್ನ ಗಾಡಿಗೂ ಹಾಕ್ತಿದ್ರಾ? ನಾನು ಬರೀ ತೋರಿಸೋಕೆ ನೇತುಹಾಕಿದೀರಾ ಅಂತ ತಿಳ್ಕೊಂಡಿದ್ದೆ."

ಅವನು ಹಂಗಿಸಿದ್ದರೆ ತಿರುಗಿ ಹಂಗಿಸಬಹುದಿತ್ತು. ಗುಳ್ಳೆಯಕ್ಕ ವಾಲನ್ನು ಮುಷ್ಟಿಯಲ್ಲಿ ಹಿಡಿದು ಓಡಿದಳು.

ರಿಮ್ಮಿನ ತೂತನ್ನು ಒರೆಸಿ, ವಾಲಿಗೆ ಸೋಪ್ ನೀರು ಹಚ್ಚಿ, ಒಳಗಿನಿಂದ ತೂರಿಸಿ, ಎಳೆಯುವ ಸಲಾಕೆ ಸಿಕ್ಕಿಸಿ ಮೀಟಿದಳು. ಟಪ್ ಅಂತ ಕೂತಿತು. ಟಯರ್ ಕೂರಿಸಿ ಗಾಳಿ ತುಂಬಿದಳು. ತೊಟ್ಟಿಗೆ ಇಳಿಸುವಾಗ ಕೈ ಹಿತ್ತಾಳೆ ಟೋಪಿಯ ಕಡೆ ಹೋಯಿತು; ಅದನ್ನು ಎತ್ತಿ ಅಂಗಡಿಯ ಮೂಲೆಗೆ ಎಸೆದಳು. ಬಾಯಿಗೆ ಸೋಪು, ಬುಡಕ್ಕೆ ಸೋಪು. ವಾಲನ್ನು ಆ ಕಡೆ ಬಾಗಿಸಿ, ಈ ಕಡೆ ಬಾಗಿಸಿ, ನೀರೊಳಗೆ ನೋಡಿದಳು. ಒಂದು ಗುಳ್ಳೆ ಇಲ್ಲ. ಈ ಸಲ ಆ ನಿಶ್ಶಬ್ದವನ್ನೂ ನಂಬಲಾರದೆ ಇನ್ನೊಂದು ಸಲ ಬಾಗಿಸಿದಳು.

ಚಕ್ರ ಬಿಗಿದು, ಕೈ ಕೂಡ ತೊಳೆಯದೆ ಮುಂದಿನ ಸೀಟಿಗೆ ಹತ್ತಿದಳು.

"ನೀವೆಲ್ಲಿಗೆ?" ಅಂದಳು ನಾದಿನಿ.

"ಜವಾಬ್ದಾರಿ ಅಂದಿದ್ನಲ್ಲ. ಓಡಿಸು."

ದಾರಿಯುದ್ದಕ್ಕೂ ಗುಳ್ಳೆಯಕ್ಕ ಕಿಟಕಿಯಿಂದ ಕತ್ತು ಹೊರಹಾಕಿ ಚಕ್ರವನ್ನೇ ನೋಡುತ್ತಿದ್ದಳು. ಒಂದು ಸಿಗ್ನಲ್ಲಿನಲ್ಲಿ ನಾದಿನಿ, "ಕತ್ತು ಒಳಗಿಡಿ, ಅದೂ ಹೋದ್ರೆ ಬೇರೆ ಹಾಕೋಕಾಗಲ್ಲ" ಅಂದಳು.

ಟೈಲರ್ ತಾತನ ಮನೆ ಮೆಟ್ಟಿಲ ಮೇಲೆ ತಾತ ಕೋಲು ಹಿಡಿದು ಕೂತಿದ್ದರು. ಮಗಳು ಗೇಟಿನಲ್ಲಿ ರಸ್ತೆಯ ಆ ತುದಿ ನೋಡುತ್ತಾ ನಿಂತಿದ್ದಳು. ಹೇಳಿದ್ದ ಇನ್ನೊಂದು ಗಾಡಿಗೆ ಕಾಯುತ್ತಿದ್ದಾಳೆ ಅನ್ನುವುದು ನೋಡಿದರೇ ತಿಳಿಯುತ್ತಿತ್ತು.

"ಯಾಕೆ ಬಂದ್ರಿ? ಹೇಳಿದ್ನಲ್ಲಮ್ಮ ಫೋನಲ್ಲಿ" ಅಂದಳು. "ಪ್ರತೀ ಸಲ ಗಾಳಿ, ಗಾಳಿ. ಒಂದು ಚಕ್ರ ಸರಿ ಇಟ್ಕೊಳ್ಳೋಕಾಗಲ್ವಾ ನಿಮಗೆ?"

ನಾದಿನಿ ತಲೆ ತಗ್ಗಿಸಿದಳು. ಗುಳ್ಳೆಯಕ್ಕ ಇಳಿದಳು. ಸೀಳಿದ ಆ ಹಳೆಯ ವಾಲ್ ಇನ್ನೂ ಅವಳ ಸೊಂಟದಲ್ಲೇ ಸಿಕ್ಕಿಕೊಂಡಿತ್ತು. ತೆಗೆದು ಚಾಚಿದಳು. "ಇವಳದ್ದೇನೂ ತಪ್ಪಿಲ್ಲಮ್ಮ. ರಿಪೇರಿ ನಂದು. ಹೊಸದು ಅಂತ ಹಾಕಿದ್ದು ಹೊಸದೇ ಅಲ್ಲ. ಅಂಗಡಿ ಬಾಗಿಲಲ್ಲಿ ಬಿಸಿಲಿಗೆ ನೇತಾಡಿ ರಬ್ಬರ್ ಸತ್ತುಹೋಗಿತ್ತು. ನನಗೇ ಗೊತ್ತಾಗ್ಲಿಲ್ಲ. ಇವತ್ತು ಗೊತ್ತಾಯ್ತು, ಬದಲಾಯಿಸಿದೀನಿ."

"ನನಗೆ ಇದೆಲ್ಲಾ ಯಾಕೆ ತೋರಿಸ್ತೀರಾ? ನಮ್ಮಪ್ಪ ಹೊತ್ತಿಗೆ ಸರಿಯಾಗಿ ಹೋಗ್ಬೇಕು, ಅಷ್ಟೇ."

"ಕೊಡು ಇಲ್ಲಿ" ಅಂದರು ತಾತ.

ಮೆಟ್ಟಿಲ ಮೇಲಿಂದಲೇ ಕೈ ಚಾಚಿ ವಾಲ್ ತಗೊಂಡರು. ಕನ್ನಡಕ ಏರಿಸಿ, ಬಟ್ಟೆ ಪರೀಕ್ಷೆ ಮಾಡುವವರಂತೆ ಹೆಬ್ಬೆರಳು ತೋರುಬೆರಳಿನ ನಡುವೆ ಹಿಸುಕಿ, ಬಾಗಿಸಿದರು. ಸಣ್ಣಗೆ ಚೂರು ಉದುರಿತು.

"ಎಲಾಸ್ಟಿಕ್ಕು" ಅಂದರು.

"ಅಪ್ಪಾ, ಅದು ಎಲಾಸ್ಟಿಕ್ಕಲ್ಲ."

"ಗೊತ್ತಮ್ಮ. ಅಂಗಡಿ ಮುಂದೆ ಎಲಾಸ್ಟಿಕ್ ಸುರುಳಿ ನೇತುಹಾಕ್ತಿದ್ದೆ ನಾನು, ಕಾಣ್ಲಿ ಅಂತ. ಬಿಸಿಲಿಗೆ ಬೆಂದದ್ದನ್ನೇ ಲಂಗಕ್ಕೆ ಹಾಕಿ ಕೊಟ್ಟಿದ್ದೆ. ಹೊಸದು ನೋಡು, ಎಳೆದ್ರೆ ಬರ್ತಿತ್ತು, ಬಿಟ್ರೆ ಹೋಗ್ತಿರ್ಲಿಲ್ಲ. ನಿಮ್ಮಮ್ಮನ ತಂಗಿ ಬಸ್ ಹತ್ತುವಾಗ..." ತಾತ ಕೆಮ್ಮುತ್ತಾ ನಗತೊಡಗಿದರು. "ಊರೆಲ್ಲ ನೋಡ್ತು."

"ಅಪ್ಪಾ! ಈಗ ಅದೆಲ್ಲಾ ಬೇಕಾ?"

ತಾತ ಆಗಲೇ ಕೋಲೂರಿ ಎದ್ದಿದ್ದರು. "ಆ ಗಾಡಿ ಬರೋ ಹೊತ್ತಿಗೆ ನನ್ನ ಹಾಸಿಗೆ ಇನ್ಯಾರಿಗೋ ಹೋಗತ್ತೆ. ಬಾಗಿಲು ತೆಗಿಯಮ್ಮ" ಅಂದರು ನಾದಿನಿಗೆ. ನಾದಿನಿ ಓಡಿ ಬಾಗಿಲು ತೆಗೆದಳು.

ಮಗಳು ಫೋನ್ ತೆಗೆದು ಇನ್ನೊಂದು ಗಾಡಿಯವನಿಗೆ ಬೇಡವೆಂದಳು. ಆಮೇಲೆ ಗುಳ್ಳೆಯಕ್ಕನ ಕಡೆ ತಿರುಗಿ ಬೆರಳೆತ್ತಿದಳು. "ನಾಡಿದ್ದೂ ಹೀಗಾದ್ರೆ ಆ ಎಲಾಸ್ಟಿಕ್ ಕತೆ ಕೇಳಲ್ಲ ನಾನು."

"ಕೇಳಬೇಡಿ" ಅಂದಳು ಗುಳ್ಳೆಯಕ್ಕ.

ಆಸ್ಪತ್ರೆಯ ಬಾಗಿಲಿಗೆ ತಲುಪಿದಾಗ ತಾತನ ಹೆಸರು ಕೂಗುತ್ತಿದ್ದರಂತೆ. ಸಿಕ್ಕಿತು ಹಾಸಿಗೆ, ಕೊಂಚ ತಡವಾದರೂ. ಮಾರನೆಯ ಬೆಳಗ್ಗೆ ನಾದಿನಿ ಮನೆಯ ಮುಂದೆ ಚಕ್ರದ ಹೊಟ್ಟೆಗೆ ಹೆಬ್ಬೆರಳು ಒತ್ತಿ ನೋಡಿದಳು, ಒದ್ದೂ ನೋಡಿದಳು. ಕಲ್ಲು. ಅದರ ಮರುದಿನ ತಾತನ ಸರದಿ, ಅಂದೂ ಕಲ್ಲು. ಅತ್ತಿಗೆಗೆ ಥ್ಯಾಂಕ್ಸ್ ಹೇಳಲಿಲ್ಲ. ಹೋಗುವಾಗ ಅಂಗಡಿ ಮುಂದೆ ಹಾರ್ನ್ ಮಾತ್ರ ಹೊಡೆದುಹೋದಳು. ಕವರ್ ಡಿಕ್ಕಿಯಲ್ಲಿ ಬೆಚ್ಚಗೆ ಮಲಗಿತ್ತು.

ಇಲ್ಲಿಗೆ ಗುಳ್ಳೆಯಕ್ಕ ನಿಟ್ಟುಸಿರು ಬಿಡಬೇಕಿತ್ತು. ಬಿಡಲಿಲ್ಲ. ಯಾಕೆಂದರೆ ಆ ಸರದಿಂದ ಕಿತ್ತು ಹಾಕಿದ್ದು ನಾದಿನಿಯ ಚಕ್ರಕ್ಕೆ ಒಂದೇ ಅಲ್ಲವಲ್ಲ! ಯಾರ ಯಾರ ಗಾಡಿಗೆ, ಯಾವ ಚಕ್ರಕ್ಕೆ, ಯಾವಾಗ? ಯಾರಿಗೆ ನೆನಪಿರುತ್ತದೆ? ಸ್ಟೂಲ್ ಹತ್ತಿ ಸರವನ್ನು ಬಿಚ್ಚಿ ಕೆಳಗಿಳಿಸಿದಳು. ಅತ್ತೆ ತಂತಿಯಿಂದ ವಾಲುಗಳನ್ನು ಒಂದೊಂದಾಗಿ ಬಿಡಿಸಿ ಕಸದ ಚೀಲಕ್ಕೆ ಹಾಕಿದಳು, ಹಾಕುವ ಮುಂಚೆ ಪ್ರತಿಯೊಂದನ್ನೂ ಬಾಗಿಸಿ ನೋಡಿದಳು, ಒಂದಾದರೂ ಬದುಕಿರಬಹುದೇನೋ ಅಂತ.

"ಬಾಗಿಲು ಬೋಳಾಯ್ತು ಕಣೇ" ಅಂದಳು ಕೊನೆಗೆ.

"ಆಗ್ಲಿ ಬಿಡಿ."

ಈಗ ಗುಳ್ಳೆಯಕ್ಕ ತೊಟ್ಟಿಯ ಹತ್ತಿರ ಕೂರುವುದಕ್ಕಿಂತ ರಸ್ತೆಯ ಅಂಚಿನಲ್ಲಿ ನಿಲ್ಲುವುದೇ ಹೆಚ್ಚು. ಹೋಗುವ ಬರುವ ಪ್ರತಿ ಗಾಡಿಯ ಚಕ್ರಕ್ಕೂ ಬಗ್ಗಿ ನೋಡುತ್ತಾಳೆ. ಮೊನ್ನೆ ಬ್ರೆಡ್ಡಿನ ವ್ಯಾನ್ ಬಂತು. ಅದರ ಹಿಂದಿನ ಚಕ್ರದಲ್ಲಿ ಬೂದಿ ಬಣ್ಣದ ವಾಲ್. ಕೈ ಅಡ್ಡ ಹಿಡಿದು ರಸ್ತೆಯ ನಡುವೆಯೇ ನಿಂತುಬಿಟ್ಟಳು.

"ಏನಕ್ಕಾ, ಸಾಯೋ ಯೋಚನೆನಾ?" ಅಂತ ಬ್ರೆಡ್ಡಿನವನು ಬ್ರೇಕ್ ಒತ್ತಿದ.

"ಇಳಿ. ವಾಲ್ ಬದಲಾಯಿಸ್ಬೇಕು."

"ಗಾಳಿ ಸರಿಯಾಗೇ ಇದೆಯಲ್ಲಕ್ಕಾ! ನಾನೇನು ಕೇಳಿಲ್ವಲ್ಲ!"

"ನೀನು ಕೇಳಿಲ್ಲ, ನಾನು ಹಾಕಿದೀನಿ. ಇಳಿ ಅಂದ್ನಲ್ಲ!"

ಅವನು ಗೊಣಗುತ್ತಾ ಇಳಿದ. ಅವಳು ಅವನಿಗಿಂತ ಜೋರಾಗಿ ಗೊಣಗುತ್ತಾ ಜಾಕ್ ಎಳೆದಳು. ಎದುರುಗಡೆಯಿಂದ ಮೀಸೆ, ಕರೆಯದೆಯೇ, ಮುಚ್ಚಳದ ಡಬ್ಬಿ ಹಿಡಿದು ರಸ್ತೆ ದಾಟುತ್ತಿದ್ದ.